ಹೊಸ ಕೆಲಸಕ್ಕೆ ಹೆಚ್ಚುವರಿ ಶುಲ್ಕ: ಕ್ಲೈಂಟ್‌ಗೆ ಬರೆಯುವ ಉತ್ತರ

ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಮಸಾಲೆ ಪುಡಿ ಮಾರುವ ಅಂಗಡಿಗೆ ಐದು ಪುಟದ ವೆಬ್‌ಸೈಟ್. ಕೊಟೇಶನ್ 45,000 ರೂಪಾಯಿ, ಎರಡು ಸುತ್ತು ತಿದ್ದುಪಡಿ ಸೇರಿ. ಅರ್ಧ ಹಣ ಮುಂಗಡ ಬಂದಿದೆ, ಮೂರು ಪುಟ ಮುಗಿದಿದೆ. ಆಗ ಮಾಲೀಕರ ವಾಟ್ಸಾಪ್: “ಸರ್, ಹಂಗೇ ಆನ್‌ಲೈನ್ ಆರ್ಡರ್, ಪೇಮೆಂಟೂ ಹಾಕ್ಬಿಡಿ. ಒಂದು ಬಟನ್ ತಾನೇ?”

ಮೊದಲು ಇದು ತಿದ್ದುಪಡಿಯೋ ಹೊಸ ಕೆಲಸವೋ ನೋಡಿ. ಬಣ್ಣ, ಫೋಟೊ, ಬರಹ ಬದಲಿಸುವುದು ತಿದ್ದುಪಡಿ, ಎರಡು ಸುತ್ತಿನೊಳಗೆ ಅದಕ್ಕೆ ಹಣ ಕೇಳಬಾರದು. ಕೊಟೇಶನ್ನಿನ ಯಾವ ಸಾಲಿನಲ್ಲೂ ಇಲ್ಲದ್ದು ಹೊಸ ಕೆಲಸ. ಆ ಸಾಲುಗಳೇ ಮಸುಕಾಗಿದ್ದರೆ (“ಪೂರ್ತಿ ವೆಬ್‌ಸೈಟ್” ಎಂದಷ್ಟೇ ಬರೆದಿದ್ದರೆ) ವಾದಕ್ಕೆ ನೆಲೆಯಿಲ್ಲ. ಆಗ ಅರ್ಧ ದರಕ್ಕೆ ಒಪ್ಪಿಕೊಂಡು ಮುಂದೆ ಹೋಗುವುದೇ ಜಾಣತನ.

ಲೆಕ್ಕ

ಮಾಲೀಕರಿಗೆ ಕಾಣುವುದು ಬಟನ್ ಮಾತ್ರ. ಅದರ ಹಿಂದೆ 30 ಪುಡಿಗಳ ಪುಟ ಮತ್ತು ಕಾರ್ಟ್‌ಗೆ 14 ಗಂಟೆ, ಪೇಮೆಂಟ್ ಗೇಟ್‌ವೇ ಜೋಡಿಸಲು 6, ಪರೀಕ್ಷೆಗೆ 3. ಇವಲ್ಲದೆ ಮರೆತುಹೋಗುವುದು ಇನ್ನೂ 3 ಗಂಟೆ: ಗೇಟ್‌ವೇ ಖಾತೆ ಒಪ್ಪಿಗೆಯಾಗಲು ಸೈಟಿನಲ್ಲಿ ನಿಯಮಗಳು, ಗೌಪ್ಯತೆ, ಹಣ ವಾಪಸಾತಿ, ಡೆಲಿವರಿ ಇವುಗಳ ಪುಟ ಇರಬೇಕೆಂದು ಕೇಳುತ್ತಾರೆ. ಒಟ್ಟು 26 ಗಂಟೆ. ಮೂಲ ಕೆಲಸವನ್ನು 60 ಗಂಟೆಗೆ 45,000 ಎಂದು ಲೆಕ್ಕ ಹಾಕಿದ್ದರೆ ಗಂಟೆಗೆ 750. ಅದೇ ದರ ಹಿಡಿದರೆ 19,500. ಹೊಸ ಕೆಲಸಕ್ಕೆ ದರ ಏರಿಸಬೇಡಿ, ಸಿಕ್ಕಿಬಿದ್ದ ಗಿರಾಕಿಯಿಂದ ಕಿತ್ತಂತೆ ಕಾಣುತ್ತದೆ. ಜಿಎಸ್‌ಟಿ ನೋಂದಣಿ ಇದ್ದರೆ 18% ಸೇರಿಸಿದ ಮೊತ್ತ, ಅಂದರೆ 23,010, ಮೊದಲೇ ಹೇಳಿ.

ಉತ್ತರ

ಇಲ್ಲಿ ನೋಂದಣಿ ಇಲ್ಲವೆಂದುಕೊಳ್ಳೋಣ.

“ನಮಸ್ಕಾರ ಸರ್. ಆನ್‌ಲೈನ್ ಆರ್ಡರ್ ಇದ್ದರೆ ಹೊರಗೂರಿನ ಗಿರಾಕಿಗಳಿಗೆ ಅನುಕೂಲವಾಗುತ್ತೆ. ಈಗಿನ 45,000ದಲ್ಲಿ ಐದು ಮಾಹಿತಿ ಪುಟಗಳಷ್ಟೇ ಸೇರಿವೆ, ಆರ್ಡರ್ ಮತ್ತು ಪೇಮೆಂಟ್ ಅದರಲ್ಲಿ ಬರುವುದಿಲ್ಲ. ಅದನ್ನು ಸೇರಿಸಲು 19,500 ಹೆಚ್ಚುವರಿ ಆಗುತ್ತೆ, ಸೈಟ್ ಕೊಡುವ ದಿನ 20ರ ಬದಲು 30 ಆಗುತ್ತೆ. ಗೇಟ್‌ವೇ ಕಂಪನಿಯ ಶುಲ್ಕ ಬೇರೆ, ಅದು ನೇರ ಅವರಿಗೆ. ಈಗ ಅಷ್ಟು ಬೇಡವೆಂದರೆ ಪ್ರತಿ ಪುಡಿಯ ಕೆಳಗೆ ವಾಟ್ಸಾಪ್ ಆರ್ಡರ್ ಬಟನ್ ಹಾಕೋಣ. ಗ್ಯಾಲರಿ ಪುಟ ಬಿಟ್ಟರೆ ಅದು ಈಗಿನ ಮೊತ್ತದಲ್ಲೇ ಮುಗಿಯುತ್ತೆ. ಯಾವುದು ಅಂತ ಗುರುವಾರದೊಳಗೆ ತಿಳಿಸಿ. ಅಲ್ಲಿಯವರೆಗೆ ಗ್ಯಾಲರಿ ಬಿಟ್ಟು ಉಳಿದ ಪುಟದ ಕೆಲಸ ನಡೆಸುತ್ತಿರುತ್ತೇನೆ.”

ಎಲ್ಲರೂ ಎಡವುವುದು “ಈಗಿನ 45,000ದಲ್ಲಿ” ಎಂದು ಶುರುವಾಗುವ ವಾಕ್ಯದಲ್ಲಿ. ಅಲ್ಲಿ “ನಾನು ಮಾಡಲ್ಲ” ಎಂದರೆ ಜಗಳ, “ನೀವು ಮೊದಲೇ ಹೇಳಬೇಕಿತ್ತು” ಎಂದರೆ ಆಪಾದನೆ. “ಮೊತ್ತದಲ್ಲಿ ಇಷ್ಟು ಸೇರಿದೆ, ಇದು ಬರುವುದಿಲ್ಲ” ಎಂದಾಗ ನಾನೂ ಇಲ್ಲ, ನೀವೂ ಇಲ್ಲ, ಇಬ್ಬರೂ ಒಪ್ಪಿದ ಕಾಗದವೇ ಮಾತಾಡುತ್ತದೆ. ಅದರ ಮುಂದೆ “ಕ್ಷಮಿಸಿ” ಸೇರಿಸುವ ಆಸೆ ಬರುತ್ತದೆ, ತಡೆದುಕೊಳ್ಳಿ. ತಪ್ಪು ಒಪ್ಪಿಕೊಂಡಂತೆ ಕೇಳಿಸಿ ಚೌಕಾಸಿ ಅಲ್ಲಿಂದಲೇ ಶುರುವಾಗುತ್ತದೆ. “ಖಂಡಿತ ಮಾಡೋಣ ಸರ್, ಆದರೆ...” ಇನ್ನೂ ಕೆಟ್ಟದು. ಮಾಲೀಕರು “ಖಂಡಿತ”ದವರೆಗೆ ಓದಿ ಫೋನ್ ಜೇಬಿಗಿಡುತ್ತಾರೆ. ಸಂಕೋಚಕ್ಕೆ “ನೋಡೋಣ ಸರ್” ಎಂದು ಬಿಟ್ಟರೆ ಅವರ ಲೆಕ್ಕದಲ್ಲಿ ಅದು ಒಪ್ಪಿಗೆ. ವಾರ ಕಳೆದು ಶುಲ್ಕ ಎಂದಾಗ ಮಾತಿಗೆ ತಪ್ಪಿದವರು ನೀವೇ ಆಗುತ್ತೀರಿ. ಲೆಕ್ಕಕ್ಕೆ ಸಮಯ ಬೇಕಿದ್ದರೆ “ಇದು ಕೊಟೇಶನ್ನಿನಲ್ಲಿಲ್ಲ, ಎಷ್ಟಾಗುತ್ತೆ ಅಂತ ನಾಳೆ ಸಂಜೆಯೊಳಗೆ ಹೇಳ್ತೀನಿ” ಎಂದು ಅಂದೇ ಕಳಿಸಿ.

ಸಹಕಾರದ ದನಿ ಬರುವುದು ಸಿಹಿ ಮಾತಿನಿಂದಲ್ಲ, ಆ ವಾಟ್ಸಾಪ್ ಬಟನ್‌ನಿಂದ. ದಿನಕ್ಕೆ ನಾಲ್ಕೈದು ಆರ್ಡರ್ ಬರುವ ಅಂಗಡಿಗೆ ಅದೇ ಸಾಕು. ಆದರೆ ಅದು ಪುಕ್ಕಟೆಯಲ್ಲ, ಗ್ಯಾಲರಿ ಪುಟಕ್ಕೆ ಬದಲಿ. ಬದಲಿಯಿಲ್ಲದೆ ಕೊಟ್ಟರೆ ಮುಂದಿನ ಬೇಡಿಕೆಗೂ ಅದೇ ನಿರೀಕ್ಷೆ.

“ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ” ಎಂದಾಗ ದರ ಇಳಿಸಬೇಡಿ, ಕೆಲಸ ಇಳಿಸಿ: “30ರ ಬದಲು ಹೆಚ್ಚು ಮಾರಾಟವಾಗುವ 10 ಪುಡಿಗಳಿಂದ ಶುರು ಮಾಡೋಣ ಸರ್. 5 ಗಂಟೆ ಉಳಿಯುತ್ತೆ, 15,750 ಆಗುತ್ತೆ.”

ಫೋನಿನಲ್ಲಿ ಒಪ್ಪಿದರೆ ಕರೆ ಮುಗಿದ ಕೂಡಲೇ ಕೆಲಸ, ಮೊತ್ತ, ದಿನಾಂಕ ಮೂರನ್ನೂ ಬರೆದು ಕಳಿಸಿ, “ಸರಿ” ಎಂಬ ಉತ್ತರ ತರಿಸಿಕೊಳ್ಳಿ. ಹೆಚ್ಚುವರಿ ಮೊತ್ತದ ಅರ್ಧ ಖಾತೆಗೆ ಬಂದ ಮೇಲೆಯೇ ಕಾರ್ಟ್‌ನ ಕೆಲಸಕ್ಕೆ ಕೈಹಾಕಿ.