ಸ್ಟೇಟ್‌ಮೆಂಟ್ ಉದ್ದ ಆದ್ರೆ ಕತ್ತರಿ ಮೊದಲು ಬೀಳೋದು ಕತೆ ಮೇಲೇ, ಯಾಕೆ?

ಅಡ್ಮಿಶನ್ ಅರ್ಜಿ ಜೊತೆ ಕೊಡೋ ಪರ್ಸನಲ್ ಸ್ಟೇಟ್‌ಮೆಂಟ್ ತಿದ್ದಿಕೊಡೋದು ನನ್ನ ಕೆಲಸ. ಬರೋರಲ್ಲಿ ಮುಕ್ಕಾಲು ಪಾಲು ಜನರ ಮೊದಲ ಮಾತು ಒಂದೇ: ಮೇಡಂ, ನಾನೇ ಆಗಲೇ ಎಷ್ಟೋ ಕಟ್ ಮಾಡಿದೀನಿ, ಇನ್ನೂ ಜಾಸ್ತಿ ಇದೆ, ಒಂದ್ಸಲ ನೋಡಿ. ಆ ಕಟ್ ಮಾಡಿರೋ ವರ್ಷನ್ ಬೇಡ, ಮೊದಲನೇ ಡ್ರಾಫ್ಟ್ ಕಳಿಸಿ ಅಂತೀನಿ. ಯಾಕಂದ್ರೆ ಅವರು ಕಟ್ ಮಾಡಿ ಬಿಸಾಕಿರೋದ್ರಲ್ಲೇ ನಂಗೆ ಬೇಕಾಗಿರೋದು ಇರತ್ತೆ, ಪ್ರತೀ ಸಲ.

ಇತ್ತೀಚೆಗೆ ಒಬ್ಬ ಹುಡುಗಿದು ಬಂತು (ಅವರನ್ನ ಕೇಳಿಯೇ ಬರೀತಿದೀನಿ, ಹೆಸರು ಬೇಡ ಅಂದಿದಾರೆ). ಪ್ರಾಡಕ್ಟ್ ಡಿಸೈನ್ ಮಾಸ್ಟರ್ಸ್‌ಗೆ ಅರ್ಜಿ, ಲಿಮಿಟ್ 650 ಪದ, ಮೊದಲನೇ ಡ್ರಾಫ್ಟ್ 1,080 ಪದ. ಏಳು ಪ್ಯಾರಾ. ಚಿಕ್ಕಂದಿನಿಂದ ವಿಜ್ಞಾನ ಅಂದ್ರೆ ಇಷ್ಟ ಅನ್ನೋ ಶುರು 110, ಅಜ್ಜಿ ಕತೆ 240, ಕಾಲೇಜಲ್ಲಿ ಓದಿದ ವಿಷಯಗಳು 190, ಪ್ರಾಜೆಕ್ಟ್ 210, ಇಂಟರ್ನ್‌ಶಿಪ್ 130, ಆಟೋಟ ಸಮಾಜಸೇವೆ 90, ಈ ಕೋರ್ಸೇ ಯಾಕೆ ಅನ್ನೋದು 110.

ಅಜ್ಜಿ ಕತೆ ಏನು ಅಂದ್ರೆ, ಅಜ್ಜಿಗೆ ಕಿವಿ ಕೇಳಲ್ಲ, ಮನೆಯವರು ಕಿವಿ ಮಷೀನ್ ತಂದುಕೊಟ್ಟಿದಾರೆ, ಅಜ್ಜಿ ಹಾಕ್ಕೊಳಲ್ಲ, ಡ್ರಾಯರಲ್ಲಿಟ್ಟುಬಿಡ್ತಾರೆ, ಎಲ್ಲರೂ ಹಠ ಅಂತ ಬೈತಾರೆ. ಒಂದಿನ ಈ ಹುಡುಗಿ ನೋಡ್ತಾಳೆ, ಅಜ್ಜಿ ಒಬ್ಬರೇ ಕೂತ್ಕೊಂಡು ಬ್ಯಾಟರಿ ಹಾಕೋಕೆ ಒದ್ದಾಡ್ತಿದಾರೆ. ಆ ಬ್ಯಾಟರಿ ಅಗಲ ಆರು ಮಿಲಿಮೀಟರೂ ಇಲ್ಲ, ಹಿಂದೆ ಒಂದು ಸಣ್ಣ ಸ್ಟಿಕ್ಕರ್, ಅದನ್ನ ಕಿತ್ರೆ ಮಾತ್ರ ಗಾಳಿ ಒಳಗೆ ಹೋಗಿ ಬ್ಯಾಟರಿ ಚಾಲೂ ಆಗೋದು. ಸಂಧಿವಾತದ ಬೆರಳಿಗೆ ಆ ಸ್ಟಿಕ್ಕರ್ ಹಿಡಿಯೋಕೇ ಆಗ್ತಿಲ್ಲ. ನಾಲ್ಕನೇ ಸಲ ಬ್ಯಾಟರಿ ಕೆಳಗೆ ಬಿದ್ದಾಗ ಅಜ್ಜಿ ಮಷೀನನ್ನ ಡ್ರಾಯರಿಗೆ ಹಾಕಿ ಮುಚ್ಚಿಬಿಡ್ತಾರೆ.

ಇದನ್ನ ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಆಮೇಲೆ ಅವರೇ ಕಟ್ ಮಾಡಿದ ವರ್ಷನ್ ತೆಗೆದ್ರೆ ಅಲ್ಲಿ ಇಷ್ಟೇ ಇದೆ: ‘ನನ್ನ ಅಜ್ಜಿಯವರು ಶ್ರವಣ ಸಾಧನ ಬಳಸುವಾಗ ಎದುರಿಸಿದ ತೊಂದರೆಗಳು ನನ್ನ ಮೇಲೆ ಆಳವಾದ ಪರಿಣಾಮ ಬೀರಿದವು.’ 240 ಪದ ಹೋಗಿ ಹನ್ನೆರಡು ಪದ ಆಗಿದೆ. ಬ್ಯಾಟರಿ ಇಲ್ಲ, ಸ್ಟಿಕ್ಕರ್ ಇಲ್ಲ, ಡ್ರಾಯರ್ ಇಲ್ಲ. ವಿಜ್ಞಾನ ಅಂದ್ರೆ ಇಷ್ಟ ಅನ್ನೋ ಪ್ಯಾರಾ ಮಾತ್ರ ಹಂಗೇ ಇದೆ, ಆಟೋಟಾನೂ ಇದೆ! ನಂಗೆ ತಡ್ಕೊಳಕ್ಕಾಗದೇ ಇರೋದು ಇದೇ. ಕೇಳಿದ್ರೆ, ಕತೆ ಉದ್ದ ಇತ್ತಲ್ಲ ಮೇಡಂ, ಅಲ್ಲೇ ಜಾಸ್ತಿ ಪದ ಉಳಿಯತ್ತೆ ಅನ್ನಿಸ್ತು ಅಂದ್ರು. ಲೆಕ್ಕ ಸರಿಯೇ ಇದೆ, ಆದ್ರೆ ಉಳಿದಿದ್ದನ್ನ ಅದೇ ಕೋರ್ಸಿಗೆ ಅರ್ಜಿ ಹಾಕಿರೋ ಇನ್ಯಾರು ಬೇಕಾದ್ರೂ ಬರೆದಿರಬಹುದು.

ಹಂಗಾಗಿ ನಾನು ಕಟ್ ಮಾಡೋಕೆ ಮುಂಚೆ ಒಂದು ಕೆಲಸ ಮಾಡಿಸ್ತೀನಿ. ಡ್ರಾಫ್ಟ್ ಮುಚ್ಚಿಟ್ಟು, ನಿಮ್ಮ ಕತೆ ಏನು ಅಂತ ಒಂದೇ ವಾಕ್ಯದಲ್ಲಿ ಬಾಯಲ್ಲಿ ಹೇಳಿ ಅಂತೀನಿ. ಈ ಹುಡುಗಿ ಹೇಳಿದ್ದು: ಅಜ್ಜಿದು ಹಠ ಅಂದ್ಕೊಂಡಿದ್ವಿ, ನೋಡಿದ್ರೆ ಮಷೀನು ಅವರ ಕೈಗೆ ಆಗೋ ಥರ ಇರಲಿಲ್ಲ, ಅದಕ್ಕೇ ಬಳಸೋರ ಕೈ ನೋಡಿ ಡಿಸೈನ್ ಮಾಡೋದನ್ನ ಕಲೀಬೇಕು. ಈ ವಾಕ್ಯದಲ್ಲಿ ಮೂರು ಕೊಂಡಿ ಇದೆ, ಮೊದಲು ಏನಂದ್ಕೊಂಡಿದ್ರು, ಏನು ನೋಡಿದ್ರು, ಅದರಿಂದ ಏನು ಬೇಕು ಅನ್ನಿಸ್ತು. ಇನ್ನು ಒಂದೊಂದೇ ಪ್ಯಾರಾ ಮೇಲೆ ಬೆರಳಿಟ್ಟು, ಇದನ್ನ ತೆಗೆದ್ರೆ ಈ ಮೂರರಲ್ಲಿ ಯಾವ ಕೊಂಡಿ ಕಳಚತ್ತೆ ಅಂತ ಕೇಳ್ಕೋಬೇಕು. ಯಾವುದೂ ಕಳಚಲ್ಲ ಅಂದ್ರೆ ಇಡೀ ಪ್ಯಾರಾ ತೆಗೀರಿ, ಇಡೀದು. ಪ್ರತೀ ವಾಕ್ಯದಿಂದ ಎರಡೆರಡು ಪದ ಕೀಳೋದು ಬೇಡ, ಹಂಗೆ 430 ಪದ ಕಿತ್ರೆ ಒಂದು ವಾಕ್ಯಾನೂ ನೆಟ್ಟಗೆ ಉಳಿಯಲ್ಲ, ಹೇಳೋಕಿರೋ ವಿಷಯ ಮಾತ್ರ ಮೊದಲಿನಷ್ಟೇ ಇರತ್ತೆ, ಓದೋರಿಗೆ ಉಸಿರುಗಟ್ಟತ್ತೆ.

ಶುರುವಿನ 110 ಹೋಯ್ತು, ಆಟೋಟದ 90 ಹೋಯ್ತು, 880ಕ್ಕೆ ಬಂತು. ಇಂಟರ್ನ್‌ಶಿಪ್ 130ರಲ್ಲಿ ಕಂಪನಿ ವರ್ಣನೆ ಬಿಟ್ಟು, ವಯಸ್ಸಾದವರು ಔಷಧಿ ಡಬ್ಬಿ ತೆಗೆಯೋದನ್ನ ಕೂತು ಗಮನಿಸಿದ 40 ಪದ ಇಟ್ಕೊಂಡ್ವಿ. ಓದಿದ ವಿಷಯಗಳ ಪಟ್ಟಿ ಮಾರ್ಕ್ಸ್‌ಕಾರ್ಡಲ್ಲೇ ಇರತ್ತೆ, ಪ್ರಾಜೆಕ್ಟಿಗೆ ಕೆಲಸಕ್ಕೆ ಬಂದ ಎರಡನ್ನ ಮಾತ್ರ ಇಟ್ವಿ, 190 ಇದ್ದಿದ್ದು 70 ಆಯ್ತು. ಒಟ್ಟು 670. ವಾಕ್ಯ ತಿದ್ದೋಕೆ ಕೂತಿದ್ದು ಇಲ್ಲಿಗೆ ಬಂದಮೇಲೇ, ಅದೂ ಪ್ರಾಜೆಕ್ಟ್ ಪ್ಯಾರಾದಲ್ಲಿ. ‘ಸಮೀಕ್ಷೆಯನ್ನು ನಡೆಸುವ ಕಾರ್ಯದಲ್ಲಿ ತೊಡಗಿಸಿಕೊಂಡೆ’ ಅಂತಿದ್ದಿದ್ದು ‘ಸಮೀಕ್ಷೆ ಮಾಡಿದೆ’ ಆಯ್ತು, ‘ಇದು ನನಗೆ ಮಹತ್ವದ ಪಾಠ ಕಲಿಸಿತು’ ಅನ್ನೋ ಥರದ್ದು ಮೂರು ಇತ್ತು, ಮೂರೂ ಹೋಯ್ತು. 210 ಇದ್ದಿದ್ದು 170. ಒಟ್ಟು 630, ಅಜ್ಜಿ ಕತೆ ಪೂರ್ತಿ 240 ಪದ ಹಂಗೇ ಇದೆ.

ಉಳಿದ 20ರಲ್ಲಿ ಹದಿನೈದನ್ನ ಮತ್ತೆ ಖರ್ಚು ಮಾಡಿಸಿದೆ. ಹಿಂಗೆ ದೊಡ್ಡ ದೊಡ್ಡ ತುಂಡು ತೆಗೆದಾಗ ಒಂದು ಅಪಾಯ ಇರತ್ತೆ, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ‘ಅದೇ ಪ್ರಶ್ನೆ ಇಲ್ಲೂ ಎದುರಾಯಿತು’ ಅಂತ ಒಂದು ಸಾಲು ಉಳಿದಿತ್ತು, ಆದ್ರೆ ಆ ಪ್ರಶ್ನೆ ಇದ್ದ ಸಾಲು ಕಾಲೇಜು ಪ್ಯಾರಾದಲ್ಲಿ ಕಟ್ ಮಾಡಿದ ಭಾಗದ ಜೊತೆ ಹೋಗಿಬಿಟ್ಟಿತ್ತು. ಹುಡುಗಿಗೆ ಅದು ಕಾಣಲಿಲ್ಲ, ನಂಗೂ ಮೊದಲ ಓದಲ್ಲಿ ಕಾಣಲಿಲ್ಲ, ಯಾಕಂದ್ರೆ ಇಬ್ಬರ ತಲೇಲೂ ಹಳೇ ಡ್ರಾಫ್ಟ್ ಇದೆ, ಖಾಲಿ ಜಾಗ ತಾನಾಗೇ ತುಂಬ್ಕೊಳ್ಳತ್ತೆ. ಅದಕ್ಕೆ ಕೊನೇ ವರ್ಷನ್‌ನ ಹಳೇದು ಓದಿರದೇ ಇರೋರ ಕೈಗೆ ಕೊಡಿ. ಚೆನ್ನಾಗಿದೆಯಾ ಅಂತ ಕೇಳಬೇಡಿ, ಚೆನ್ನಾಗಿದೆ ಅಂತಾನೇ ಹೇಳ್ತಾರೆ. ಕಾಗದ ಕೆಳಗಿಟ್ಟು ಕತೆ ವಾಪಸ್ ಹೇಳಿ ಅನ್ನಿ. ಅವರು ಎಲ್ಲಿ ತಡವರಿಸ್ತಾರೋ ಅಲ್ಲಿ ಒಂದು ಕೊಂಡಿ ಕಳಚಿದೆ. ಇವರ ಫ್ರೆಂಡ್ ತಡವರಿಸಿದ್ದು ಸರಿಯಾಗಿ ‘ಅದೇ ಪ್ರಶ್ನೆ’ ಹತ್ರಾನೇ.

ಒಂದು ಎಚ್ಚರಿಕೆ ಹೇಳಲೇಬೇಕು. ಫಾರ್ಮಲ್ಲಿ ಇಂಥದ್ದನ್ನ ಬರೀರಿ ಅಂತ ನೇರವಾಗಿ ಕೇಳಿದ್ರೆ, ಕತೆಗೆ ಸೇರಲಿ ಬಿಡಲಿ, ಅದನ್ನ ತೆಗೆಯೋ ಹಂಗಿಲ್ಲ. ಲಿಮಿಟ್ ಪದದ ಲೆಕ್ಕಾನೋ ಅಕ್ಷರದ ಲೆಕ್ಕಾನೋ ಅನ್ನೋದನ್ನೂ ಮೊದಲೇ ನೋಡ್ಕೊಳಿ. ಬ್ರಿಟನ್ನಿನ ಯೂಕಾಸ್ ಅರ್ಜಿಯಲ್ಲಿ ಸ್ಪೇಸ್ ಸೇರಿ 4,000 ಅಕ್ಷರ, ಅಲ್ಲಿ ಪದ ಎಣಿಸ್ಕೊಂಡು ಕೂತ್ರೆ ಪ್ರಯೋಜನ ಇಲ್ಲ. ಕನ್ನಡದಲ್ಲಿ ಬರೆಯೋರು ಕೆಲವರು ‘ಮಾಡಬೇಕಾಗಿಬಂದಿದ್ದರಿಂದಾಗಿ’ ಅಂತ ನಾಲ್ಕು ಪದ ಅಂಟಿಸಿ ಒಂದು ಅಂತ ತೋರಿಸ್ತಾರೆ, ಲೆಕ್ಕ ಪಾಸಾಗಬಹುದು, ಆದ್ರೆ ಓದೋರಿಗೆ ಅದು ತಕ್ಷಣ ಗೊತ್ತಾಗತ್ತೆ.

ಹುಡುಗಿ ಆ ಹದಿನೈದು ಪದದಲ್ಲಿ ಪ್ರಶ್ನೆ ವಾಪಸ್ ಹಾಕಿದ್ರು: ‘ಈ ವಸ್ತು ಮಾಡಿದವರು ಇದನ್ನು ಬಳಸುವ ಬೆರಳುಗಳನ್ನು ಎಂದಾದರೂ ಒಮ್ಮೆ ಹತ್ತಿರದಿಂದ, ಸಾವಧಾನವಾಗಿ, ಅವು ನಡುಗುವ ಹೊತ್ತಿನಲ್ಲಿ ಕಣ್ಣಾರೆ ನೋಡಿದ್ದರೇ?’ ಒಟ್ಟು 645. ಇನ್ನೂ ಐದು ಪದ ಬಾಕಿ ಇದೆ ಮೇಡಂ, ಆಟೋಟದ್ದು ಏನಾದ್ರೂ ಸೇರಿಸ್ಲಾ ಅಂದ್ರು. ಬೇಡ ಅಂದೆ.