ಸಂಜೆಯಾದರೆ ಕೈಕೊಡುವ ಯುಪಿಎಸ್: ದೊಡ್ಡದನ್ನು ಕೊಂಡರೆ ಸಾಕೇ?

ಪ್ರಶ್ನೆ: ನಮ್ಮಲ್ಲಿ ದಿನಕ್ಕೆ ಹಲವು ಸಲ ಐದು, ಹತ್ತು ನಿಮಿಷ ಕರೆಂಟ್ ಹೋಗುತ್ತದೆ. ಸಂಜೆ ವೋಲ್ಟೇಜ್ ಇಳಿದು ದೀಪಗಳು ಮಂಕಾಗುತ್ತವೆ. ಡೆಸ್ಕ್‌ಟಾಪ್‌ಗೆ 600 ವಿಎ ಯುಪಿಎಸ್ ಇದೆ. ಬೆಳಿಗ್ಗೆ ಸರಿಯಾಗಿಯೇ ಇರುತ್ತದೆ, ಸಂಜೆ ಕರೆಂಟ್ ಹೋದ ಕೂಡಲೇ ಕಂಪ್ಯೂಟರ್ ಆಫ್ ಆಗುತ್ತದೆ. ಬ್ಯಾಟರಿ ಬದಲಿಸಿದರೂ ಅದೇ ಕಥೆ. 1000 ವಿಎ ಯುಪಿಎಸ್ ತೆಗೆದುಕೊಳ್ಳಲೇ?

ಉತ್ತರ: ತೆಗೆದುಕೊಳ್ಳಬಹುದು, ಆದರೆ ಎಷ್ಟು ಹೊರೆ ಹೊರಬಲ್ಲದು ಎಂದು ಹೇಳುವ ವಿಎ ಸಂಖ್ಯೆಯೊಂದನ್ನೇ ನೋಡಿ ಕೊಂಡರೆ ಇದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಬೇಕಾಗುತ್ತದೆ. ನಿಮ್ಮ ಬ್ಯಾಟರಿಯನ್ನು ಖಾಲಿ ಮಾಡುತ್ತಿರುವುದು ಬಹುಶಃ ಕರೆಂಟ್ ಹೋಗುವುದಲ್ಲ, ಕರೆಂಟ್ ಇದ್ದೂ ವೋಲ್ಟೇಜ್ ಇಳಿಯುವುದು.

ಮೊದಲು ಒಂದು ಸಂಜೆ ಯುಪಿಎಸ್ ಕಡೆ ಕಿವಿ ಕೊಡಿ. ದೀಪ ಮಂಕಾದಾಗ, ಫ್ಯಾನ್ ಇನ್ನೂ ತಿರುಗುತ್ತಿರುವಾಗಲೇ, ಯುಪಿಎಸ್ ಬೀಪ್ ಬೀಪ್ ಎನ್ನಲು ತೊಡಗಿದರೆ ಅದು ಬ್ಯಾಟರಿಯಿಂದ ಓಡುತ್ತಿದೆ ಎಂದರ್ಥ. ಅದರ ಲೆಕ್ಕದಲ್ಲಿ 175 ವೋಲ್ಟ್ ಬರುತ್ತಿರುವುದಕ್ಕೂ ಏನೂ ಬಾರದಿರುವುದಕ್ಕೂ ವ್ಯತ್ಯಾಸವಿಲ್ಲ. ಇಪ್ಪತ್ತು ನಿಮಿಷ ವೋಲ್ಟೇಜ್ ತಗ್ಗಿದ್ದರೆ ಬ್ಯಾಟರಿ ಅಲ್ಲಿಗೇ ಮುಗಿಯುತ್ತದೆ. ನಿಜವಾದ ಕಡಿತ ಬಂದಾಗ ಕೊಡಲು ಏನೂ ಉಳಿದಿರುವುದಿಲ್ಲ.

ಬೀಪ್ ಇಲ್ಲದೆ ಬರೀ ‘ಟಕ್’ ಎಂಬ ಸದ್ದು ಕೇಳಿಸಿದರೆ ಸುದ್ದಿ ಒಳ್ಳೆಯದು. ಅದು ಒಳಗಿನ ರಿಲೇ. ಲೈನ್ ಇಂಟರ್‌ಆ್ಯಕ್ಟಿವ್ ಎಂದು ಕರೆಯುವ ಯುಪಿಎಸ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್ ಒಂದಿದ್ದು, ವೋಲ್ಟೇಜ್ ಇಳಿದಾಗ ರಿಲೇ ತಂತಿಯ ಬೇರೊಂದು ಸುರುಳಿಗೆ ಸಂಪರ್ಕ ಬದಲಿಸಿ ಅದನ್ನು ಮೇಲೆತ್ತುತ್ತದೆ. ಒಂದು ಹೆಜ್ಜೆಗೆ ಶೇಕಡಾ 15ರಿಂದ 20ರಷ್ಟು ಏರಿಕೆ ಸಿಗುತ್ತದೆ. 170 ವೋಲ್ಟ್ ಒಳಬಂದರೆ ಸುಮಾರು 200 ಹೊರಗೆ ಹೋಗುತ್ತದೆ, ಬ್ಯಾಟರಿಯನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ. ಪೆಟ್ಟಿಗೆಯ ಮೇಲೆ ಇದನ್ನು ಎವಿಆರ್ ಎಂದು ಬರೆದಿರುತ್ತಾರೆ. ಆದರೆ ಎವಿಆರ್ ಎಂಬ ಮೂರಕ್ಷರ ಕಂಡ ಮಾತ್ರಕ್ಕೆ ತೃಪ್ತರಾಗಬೇಡಿ. ವಿವರಪಟ್ಟಿಯಲ್ಲಿ ಇನ್‌ಪುಟ್ ವೋಲ್ಟೇಜ್ ವ್ಯಾಪ್ತಿ ಎಂಬ ಸಾಲನ್ನು ಹುಡುಕಿ. ಒಂದು ಮಾದರಿ 180 ವೋಲ್ಟ್‌ಗೇ ಬ್ಯಾಟರಿಗೆ ಹಾರಿದರೆ ಇನ್ನೊಂದು 140ರವರೆಗೂ ತಾಳಿಕೊಳ್ಳುತ್ತದೆ. ನಿಮ್ಮಂಥ ಕಡೆ ಆ ಕೆಳಗಿನ ಅಂಕಿಯೇ ಆಯ್ಕೆಯನ್ನು ನಿರ್ಧರಿಸಬೇಕು. ವಿಎ ಅದರ ನಂತರದ ಮಾತು.

ಹಾಗಾದರೆ ನಿಮಗೆ ಎಷ್ಟು ಕೆಳಗಿನದು ಬೇಕು? ಕೆಲವು ಸಂಜೆ ಅತಿ ಮಂಕಾದ ಹೊತ್ತಿನಲ್ಲಿ ವೋಲ್ಟೇಜ್ ಅಳೆಯಿರಿ. ಸಾಕೆಟ್‌ಗೆ ಸಿಕ್ಕಿಸುವ, ವೋಲ್ಟ್ ಮತ್ತು ವಾಟ್ ಎರಡನ್ನೂ ತೋರಿಸುವ ಮೀಟರ್ ಸಿಕ್ಕರೆ ಎರಡು ಕೆಲಸ ಒಟ್ಟಿಗೆ ಆಗುತ್ತದೆ. ಕಂಡ ಕನಿಷ್ಠಕ್ಕಿಂತ ಹತ್ತು ಹದಿನೈದು ವೋಲ್ಟ್ ಕೆಳಗೂ ನಿಭಾಯಿಸುವ ಮಾದರಿಯನ್ನು ಆರಿಸಿ. 165 ಕಂಡರೆ 150ಕ್ಕೆ ಮಣಿಯದ್ದು ಬೇಕು.

ಸ್ವಾರಸ್ಯವೆಂದರೆ ಕಂಪ್ಯೂಟರಿಗೆ ಈ ಇಳಿತದಿಂದ ಎಷ್ಟೋ ಸಲ ತೊಂದರೆಯೇ ಇರುವುದಿಲ್ಲ. ಕಂಪ್ಯೂಟರಿನೊಳಗೆ ವಿದ್ಯುತ್ ಒದಗಿಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನ ಪಕ್ಕದ ಚೀಟಿಯಲ್ಲಿ ಇನ್‌ಪುಟ್ 100 ರಿಂದ 240 ವೋಲ್ಟ್ ಎಂದಿದ್ದರೆ 170 ವೋಲ್ಟ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಗಾಬರಿ ಬೀಳುವುದು ನಡುವೆ ಕುಳಿತ ಯುಪಿಎಸ್! 200 ರಿಂದ 240 ಎಂದಿದ್ದರೆ ಮಾತು ಬೇರೆ, ಅಂಥದ್ದಕ್ಕೆ ಎವಿಆರ್ ಅನಿವಾರ್ಯ.

ಈಗ ಬ್ಯಾಟರಿಯ ಲೆಕ್ಕ. ನಿಮ್ಮ ಕಂಪ್ಯೂಟರ್, ಮಾನಿಟರ್ ಮತ್ತು ರೌಟರ್ ಸೇರಿ 150 ವಾಟ್ ಎಳೆಯುತ್ತವೆ ಎಂದುಕೊಳ್ಳೋಣ. ಎಸ್‌ಎಂಪಿಎಸ್ ಮೇಲೆ 450 ವಾಟ್ ಎಂದು ಬರೆದಿರುವುದು ಅದರ ಗರಿಷ್ಠ ಸಾಮರ್ಥ್ಯ, ಬಳಕೆಯಲ್ಲ. ಒಳಗಿನ ನಷ್ಟವನ್ನೂ ಸೇರಿಸಿದರೆ 12 ವೋಲ್ಟ್ ಬ್ಯಾಟರಿಯಿಂದ ಸುಮಾರು 16 ಆಂಪಿಯರ್ ಹರಿಯುತ್ತದೆ. 600 ವಿಎ ಯುಪಿಎಸ್‌ನಲ್ಲಿ ಸಾಮಾನ್ಯವಾಗಿ ಇರುವುದು 7 ಆಂಪಿಯರ್ ಅವರ್‌ನ ಒಂದೇ ಬ್ಯಾಟರಿ. ಆ 7 ಎಂಬುದು ಇಪ್ಪತ್ತು ಗಂಟೆ ನಿಧಾನವಾಗಿ ಬಳಸಿದರೆ ಸಿಗುವ ಪ್ರಮಾಣ. 16 ಆಂಪಿಯರ್ ವೇಗದಲ್ಲಿ ಎಳೆದರೆ ಹೊಸ ಬ್ಯಾಟರಿಯಿಂದಲೂ ಸುಮಾರು 3 ಮಾತ್ರ ದಕ್ಕುತ್ತದೆ, ಅಂದರೆ ಹತ್ತು ಹನ್ನೊಂದು ನಿಮಿಷ.

ಐದು ನಿಮಿಷದ ಒಂದು ಕಡಿತಕ್ಕೆ 1.3 ಆಂಪಿಯರ್ ಅವರ್ ಖರ್ಚು. ಯುಪಿಎಸ್‌ನ ಪುಟ್ಟ ಚಾರ್ಜರ್ ಒಂದು ಗಂಟೆಯಲ್ಲಿ ಮರಳಿ ತುಂಬುವುದು ಸರಿಸುಮಾರು 0.6. ಅದಕ್ಕೇ ಪೂರ್ತಿ ಚಾರ್ಜ್ ಆಗಲು ಆರರಿಂದ ಎಂಟು ಗಂಟೆ ಬೇಕೆಂದು ಕೈಪಿಡಿಗಳು ಹೇಳುತ್ತವೆ. ಗಂಟೆಗೊಮ್ಮೆ ಐದು ನಿಮಿಷ ಕರೆಂಟ್ ಹೋದರೆ ಪ್ರತಿ ಸಲ 0.7ರಷ್ಟು ಬಾಕಿ ಉಳಿಯುತ್ತದೆ. ಮೂರನೆಯ ಕಡಿತ ಮುಗಿದು ಒಂದು ಗಂಟೆಯ ಬಳಿಕವೂ 2.1 ಬಾಕಿ ಇರುತ್ತದೆ, ನಾಲ್ಕನೆಯದು ಮುಗಿಯುವ ಮುನ್ನವೇ ಯುಪಿಎಸ್ ಮಲಗುತ್ತದೆ. ಬ್ಯಾಟರಿ ಹೊಸದಾಗಿದ್ದರೂ ಇದೇ ಗತಿ. ಅರೆ ಖಾಲಿಯಾಗಿಯೇ ದಿನ ದೂಡುವ ಲೆಡ್ ಆ್ಯಸಿಡ್ ಬ್ಯಾಟರಿಯ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಕೆಲವೇ ತಿಂಗಳಲ್ಲಿ ಅದರ ಸಾಮರ್ಥ್ಯ ಕುಸಿಯುತ್ತದೆ. ಬದಲಿಸಿದ ನಿಮ್ಮ ಬ್ಯಾಟರಿಗೂ ಆಗಿದ್ದು ಇದೇ ಇರಬೇಕು.

1000 ವಿಎ ಮಾದರಿಗಳಲ್ಲಿ ಅನೇಕವು ಇಂಥ ಎರಡು ಬ್ಯಾಟರಿಗಳನ್ನು ಹೊಂದಿರುತ್ತವೆ. ಹೊರೆ ಹಂಚಿಹೋಗುವುದರಿಂದ ಎರಡೂ ನಿಧಾನವಾಗಿ ಖಾಲಿಯಾಗಿ, ಒಟ್ಟು ಸಮಯ ಎರಡು ಪಟ್ಟಿಗಿಂತಲೂ ಹೆಚ್ಚು ಸಿಗುತ್ತದೆ. ಆ ಕಾರಣಕ್ಕೆ ನಿಮ್ಮ ಆಲೋಚನೆ ಸರಿ. ಆದರೆ ಒಂದೇ ಬ್ಯಾಟರಿ ಇಟ್ಟ 1000 ವಿಎ ಮಾದರಿಗಳೂ ಇವೆ. ಅವು ಹೆಚ್ಚು ವಾಟ್ ಹೊರುತ್ತವೆಯೇ ಹೊರತು ಹೆಚ್ಚು ಹೊತ್ತು ಹೊರುವುದಿಲ್ಲ. ಬ್ಯಾಟರಿಗಳು ಎಷ್ಟು, ತಲಾ ಎಷ್ಟು ಆಂಪಿಯರ್ ಅವರ್ ಎಂದು ಕೇಳಿಯೇ ಕೊಳ್ಳಿ. ಕಡಿತ ಗಂಟೆಗಟ್ಟಲೆ ಇದ್ದರೆ ಇವು ಯಾವುವೂ ಸಾಲವು, ಅಲ್ಲಿಗೆ ದೊಡ್ಡ ಬ್ಯಾಟರಿಯ ಇನ್ವರ್ಟರ್ ಬೇಕು.

ವಾಟ್ ವಿಚಾರದಲ್ಲಿ ನಿಮಗೆ ಚಿಂತೆಯಿಲ್ಲ. 600 ವಿಎ ಎಂದರೆ ಸಾಮಾನ್ಯವಾಗಿ 360 ವಾಟ್, 1000 ವಿಎ ಎಂದರೆ 600 ವಾಟ್. 150 ವಾಟ್ ಎರಡಕ್ಕೂ ಹಗುರ. ಲೇಸರ್ ಪ್ರಿಂಟರನ್ನು ಮಾತ್ರ ಇದಕ್ಕೆ ಜೋಡಿಸಬೇಡಿ, ಅದರ ಹೀಟರ್ ಒಮ್ಮೆಲೇ ನೂರಾರು ವಾಟ್ ಎಳೆಯುತ್ತದೆ.

ಉಳಿದದ್ದು ಅಲೆಯ ಆಕಾರ. ಅಗ್ಗದ ಯುಪಿಎಸ್‌ಗಳು ಬ್ಯಾಟರಿಯಲ್ಲಿರುವಾಗ ನಯವಾದ ಸೈನ್ ಅಲೆಯ ಬದಲು ಮೆಟ್ಟಿಲು ಮೆಟ್ಟಿಲಾದ ಅಲೆ ಕೊಡುತ್ತವೆ. ಅಲೆಯ ಆಕಾರಕ್ಕೆ ಹೊಂದಿಸಿ ಕರೆಂಟ್ ಎಳೆಯುವ ಆ್ಯಕ್ಟಿವ್ ಪಿಎಫ್‌ಸಿ ಎಂಬ ವ್ಯವಸ್ಥೆ ಇರುವ ಈಗಿನ ಎಸ್‌ಎಂಪಿಎಸ್‌ಗಳಲ್ಲಿ ಬಹುತೇಕ ಅದನ್ನೂ ಸಹಿಸಿಕೊಳ್ಳುತ್ತವೆ, ಕೆಲವು ಸಹಿಸದೆ ಆಫ್ ಆಗುತ್ತವೆ. ಪ್ಯೂರ್ ಸೈನ್ ಮಾದರಿಗೆ ಹೆಚ್ಚು ಹಣ ಕೊಡುವ ಮೊದಲು ಪರೀಕ್ಷಿಸಿ ನೋಡುವುದು ಜಾಣತನ ಎಂದು ನನಗನಿಸುತ್ತದೆ. ಹಿಂದಿರುಗಿಸಲು ಅವಕಾಶವಿರುವ ಕಡೆ ಕೊಂಡು, ಎಂಟು ಗಂಟೆ ಚಾರ್ಜ್ ಮಾಡಿ. ಕಂಪ್ಯೂಟರಿನಲ್ಲಿ ಭಾರವಾದ ಕೆಲಸವೊಂದನ್ನು ಓಡಿಸಿ, ಮುಖ್ಯ ಕಡತಗಳನ್ನೆಲ್ಲ ಉಳಿಸಿ ಮುಚ್ಚಿ, ಗೋಡೆಯ ಸ್ವಿಚ್ಚನ್ನು ಆಫ್ ಮಾಡಿ. ಪ್ಲಗ್ ಕೀಳಬೇಡಿ, ಅರ್ತಿಂಗ್ ತಪ್ಪುತ್ತದೆ. ಹೀಗೆ ನಾಲ್ಕೈದು ಸಲ ಮಾಡಿದಾಗ ಒಮ್ಮೆಯಾದರೂ ಕಂಪ್ಯೂಟರ್ ರೀಸ್ಟಾರ್ಟ್ ಆದರೆ ಆ ಯುಪಿಎಸ್ಸನ್ನು ಕೊಟ್ಟು ಪ್ಯೂರ್ ಸೈನ್ ಮಾದರಿ ತನ್ನಿ. ಆಗಲೂ ಇನ್‌ಪುಟ್ ವೋಲ್ಟೇಜ್ ಸಾಲನ್ನು ಮತ್ತೆ ಓದಿ, ಏಕೆಂದರೆ ಪ್ಯೂರ್ ಸೈನ್ ಎಂದ ಮಾತ್ರಕ್ಕೆ ಅದು ಕಡಿಮೆ ವೋಲ್ಟೇಜನ್ನು ತಾಳಿಕೊಳ್ಳುತ್ತದೆ ಎಂದೇನಿಲ್ಲ.