ಒಂದೇ ದೇಶ, ಎರಡು ಲೆಕ್ಕದ ಪುಸ್ತಕ: ಹಾಂಗ್‌ಕಾಂಗ್‌ನ ಅಂಕಿಗಳು ಚೀನಾದ ಸಾಲಿನಲ್ಲಿ ಏಕೆ ಸೇರುವುದಿಲ್ಲ?

ಕೋಲಾರದ ಕ್ಲಾಕ್ ಟವರ್ ಸಮೀಪ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಪರಿಚಯದ ಯುವಕನೊಬ್ಬ ಒಮ್ಮೆ ಹೊಸದಾಗಿ ಬಂದ ಡಿಸ್‌ಪ್ಲೇಗಳ ಡಬ್ಬವನ್ನೂ ಅದರ ಜೊತೆಗಿದ್ದ ಬಿಲ್ಲಿನ ಪ್ರತಿಯನ್ನೂ ನನ್ನ ಮುಂದಿಟ್ಟು, "ಸಾರ್, ಡಬ್ಬದ ಮೇಲೆ ಚೀನಾ ಅಂತಿದೆ, ಬಿಲ್ಲಲ್ಲಿ ಹಾಂಗ್‌ಕಾಂಗ್‌ನಿಂದ ಬಂತು ಅಂತಿದೆ. ಎರಡರಲ್ಲಿ ಯಾವುದು ಸುಳ್ಳು?" ಎಂದು ಕೇಳಿದ. ಎರಡೂ ಸುಳ್ಳಲ್ಲ. ಸರಕು ತಯಾರಾದದ್ದು ಚೀನಾದ ಮುಖ್ಯಭೂಮಿಯಲ್ಲಿ. ಅದನ್ನು ನಮಗೆ ಮಾರಿ, ವಿಮಾನಕ್ಕೆ ಹಾಕಿ ಕಳಿಸಿದ್ದು ಹಾಂಗ್‌ಕಾಂಗ್. ಹಾಂಗ್‌ಕಾಂಗ್ ಚೀನಾದ ಭಾಗವೇ ಅಲ್ಲವೇ ಎಂಬುದು ಅವನ ಮರುಪ್ರಶ್ನೆ. ಅದಕ್ಕೆ ಅಂಗಡಿಯಲ್ಲಿ ನಿಂತು ಉತ್ತರ ಹೇಳಿ ಮುಗಿಸಲು ಆಗಲಿಲ್ಲ.

ಉತ್ತರದ ಒಂದು ತುದಿ ನಮ್ಮ ಜಿಲ್ಲೆಯಲ್ಲೇ ಇದೆ. ಕೋಲಾರ ಜಿಲ್ಲೆ ಒಂದೇ, ಜಿಲ್ಲಾಧಿಕಾರಿ ಒಬ್ಬರೇ. ಆದರೆ ಪೊಲೀಸ್ ವ್ಯವಸ್ಥೆಯಲ್ಲಿ ಜಿಲ್ಲೆ ಎರಡು. ಚಿನ್ನದ ಗಣಿಯ ಕಾಲದಿಂದ ಬಂದ ಪದ್ಧತಿಯಂತೆ ಕೆಜಿಎಫ್‌ಗೆ ತನ್ನದೇ ಪೊಲೀಸ್ ವರಿಷ್ಠಾಧಿಕಾರಿಗಳಿದ್ದಾರೆ. ಹೀಗಾಗಿ ಅಪರಾಧಗಳ ರಾಷ್ಟ್ರೀಯ ಕೋಷ್ಟಕದಲ್ಲಿ ಕೋಲಾರಕ್ಕೆ ಒಂದು ಸಾಲು, ಕೆಜಿಎಫ್‌ಗೆ ಇನ್ನೊಂದು ಸಾಲು. ಜನಗಣತಿ ಮಾತ್ರ ಎರಡನ್ನೂ ಒಂದೇ ಜಿಲ್ಲೆಯೆಂದು ಎಣಿಸುತ್ತದೆ. 2011ರಲ್ಲಿ ಆ ಸಂಖ್ಯೆ 15 ಲಕ್ಷ 36 ಸಾವಿರ. ಇದನ್ನು ತಿಳಿಯದ ಒಬ್ಬರು ಕೋಲಾರದ ಸಾಲಿನ ಪ್ರಕರಣಗಳನ್ನು ಇಡೀ ಜಿಲ್ಲೆಯ ಜನಸಂಖ್ಯೆಯಿಂದ ಭಾಗಿಸಿದರೆ ಅಪರಾಧದ ಪ್ರಮಾಣ ನಿಜಕ್ಕಿಂತ ಕಡಿಮೆ ಕಾಣುತ್ತದೆ. ಪ್ರಕರಣಗಳ ಸಂಖ್ಯೆಯೂ ಸರಿ, ಜನಸಂಖ್ಯೆಯೂ ಸರಿ, ಭಾಗಾಕಾರವೂ ಸರಿ. ಆದರೂ ಉತ್ತರ ತಪ್ಪು. ಪ್ರಕರಣ ದಾಖಲಾಗುವುದು ಠಾಣೆಯಲ್ಲಿ, ಠಾಣೆ ಲೆಕ್ಕ ಒಪ್ಪಿಸುವುದು ತನ್ನ ವರಿಷ್ಠಾಧಿಕಾರಿಗೆ, ಮತ್ತು ಆ ದಾರಿ ಭೂಪಟದ ಗೆರೆಯನ್ನು ಅನುಸರಿಸಿ ಹೋಗುವುದಿಲ್ಲ.

ಹಾಂಗ್‌ಕಾಂಗ್‌ನಲ್ಲಿ ಈ ಭೇದ ಪೊಲೀಸ್ ಇಲಾಖೆಗೆ ಸೀಮಿತವಾಗಿಲ್ಲ. ಅಲ್ಲಿ ಕಾನೂನೇ ಬೇರೆ. ಬ್ರಿಟಿಷರ ಆಳ್ವಿಕೆಯಲ್ಲಿದ್ದ ಈ ಬಂದರು ನಗರ 1997ರ ಜುಲೈ 1ರಂದು ಚೀನಾಕ್ಕೆ ಮರಳಿದಾಗ, 1990ರಲ್ಲೇ ಚೀನಾದ ಸಂಸತ್ತು ಅಂಗೀಕರಿಸಿದ್ದ 'ಮೂಲ ಕಾನೂನು' ಎಂಬ ಶಾಸನ ಜಾರಿಗೆ ಬಂದು, ನಗರವು ವಿಶೇಷ ಆಡಳಿತ ಪ್ರದೇಶವಾಯಿತು. ಆ ಶಾಸನದ 8ನೇ ವಿಧಿ ಇಂಗ್ಲಿಷ್ ಪರಂಪರೆಯ ಹಳೆಯ ಕಾನೂನು ಮುಂದುವರಿಯುತ್ತದೆ ಎನ್ನುತ್ತದೆ. 18ನೇ ವಿಧಿಯ ಪ್ರಕಾರ, ಅನುಬಂಧದಲ್ಲಿ ಹೆಸರಿಸಿದವನ್ನು ಬಿಟ್ಟು ಚೀನಾದ ರಾಷ್ಟ್ರೀಯ ಕಾನೂನುಗಳು ಅಲ್ಲಿ ಅನ್ವಯಿಸುವುದಿಲ್ಲ. 106ನೇ ವಿಧಿಯಂತೆ ಅಲ್ಲಿ ಸಂಗ್ರಹವಾದ ತೆರಿಗೆ ಅಲ್ಲಿಯೇ ಉಳಿಯುತ್ತದೆ, ಕೇಂದ್ರಕ್ಕೆ ಹೋಗುವುದಿಲ್ಲ. ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಮುಖ್ಯವಾದದ್ದು 116ನೇ ವಿಧಿ: ಹಾಂಗ್‌ಕಾಂಗ್ ಒಂದು ಪ್ರತ್ಯೇಕ ಸುಂಕ ಪ್ರದೇಶ. ಅಂದರೆ ಪಕ್ಕದ ಷೆನ್‌ಜೆನ್ ನಗರದಿಂದ ನದಿ ದಾಟಿ ಲಾರಿ ಬಂದರೂ ಅದು ಆಮದು, ಆ ಕಡೆಗೆ ಹೋದರೂ ಅದು ರಫ್ತು. ಕೋಲಾರದ ಮಂಡಿಯಿಂದ ಟೊಮೆಟೊ ಲಾರಿಯೊಂದು ಆಂಧ್ರಕ್ಕೆ ಹೋದರೆ ಕಸ್ಟಮ್ಸ್ ಅಧಿಕಾರಿಯ ಮುಖವನ್ನೂ ನೋಡಬೇಕಿಲ್ಲ, ಅಲ್ಲಿ ಹಾಗಲ್ಲ.

ಈ ಪ್ರತ್ಯೇಕತೆ ಚೀನಾ ಕೊಟ್ಟ ನಂತರ ಹುಟ್ಟಿದ್ದೂ ಅಲ್ಲ. ಹಾಂಗ್‌ಕಾಂಗ್ 1986ರಲ್ಲೇ ವಿಶ್ವ ವ್ಯಾಪಾರದ ಗ್ಯಾಟ್ ಒಪ್ಪಂದದಲ್ಲಿ ತನ್ನದೇ ಹೆಸರಿನಲ್ಲಿ ಪಕ್ಷವಾಗಿತ್ತು. 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿದ ದಿನವೇ ಅದರ ಸದಸ್ಯನಾಯಿತು. ಚೀನಾ ಆ ಸಂಸ್ಥೆಯನ್ನು ಸೇರಿದ್ದು 2001ರ ಡಿಸೆಂಬರ್‌ನಲ್ಲಿ. ಭಾಗವು ಪೂರ್ಣಕ್ಕಿಂತ ಸುಮಾರು ಏಳು ವರ್ಷ ಮೊದಲೇ ಸದಸ್ಯನಾಗಿದ್ದುದು ವಿಚಿತ್ರವೆನಿಸಬಹುದು, ಆದರೆ ಆ ಸಂಸ್ಥೆಗೆ ಬೇಕಾದದ್ದು ಸಾರ್ವಭೌಮತ್ವವಲ್ಲ, ಸುಂಕದ ಮೇಲಿನ ಅಧಿಕಾರ. 1999ರ ಡಿಸೆಂಬರ್‌ನಲ್ಲಿ ಪೋರ್ಚುಗೀಸರಿಂದ ಮರಳಿದ ಮಕಾವ್‌ನ ಕತೆಯೂ ಬಹುಪಾಲು ಹೀಗೆಯೇ. ವ್ಯತ್ಯಾಸವೆಂದರೆ ಅಲ್ಲಿ ಮುಂದುವರಿದದ್ದು ಪೋರ್ಚುಗೀಸ್ ಮಾದರಿಯ ಸಂಹಿತೆ.

ಕಾನೂನಿನಿಂದ ಅಂಕಿಗೆ ಬರುವ ದಾರಿ ಇದು. ವ್ಯಾಪಾರದ ಅಂಕಿಯನ್ನು ಯಾರೂ ಗೋದಾಮಿಗೆ ಹೋಗಿ ಎಣಿಸುವುದಿಲ್ಲ. ಸುಂಕದ ಕಾನೂನಿನಂತೆ ವ್ಯಾಪಾರಿ ತುಂಬಿದ ಘೋಷಣಾ ಪತ್ರಗಳನ್ನು ಕೂಡಿದಾಗ ಅದು ಹುಟ್ಟುತ್ತದೆ. ಎರಡು ಕಾನೂನುಗಳಿದ್ದಲ್ಲಿ ಎರಡು ಬಗೆಯ ಪತ್ರಗಳು, ಎರಡು ಕಚೇರಿಗಳು, ಎರಡು ನಾಣ್ಯಗಳು. ಹಾಂಗ್‌ಕಾಂಗ್ ಡಾಲರ್ 1983ರಿಂದ ಅಮೆರಿಕದ ಡಾಲರಿಗೆ ಕಟ್ಟಿಕೊಂಡಿದೆ. ಚೀನಾದ ಯುವಾನ್ ಹಾಗಿಲ್ಲ. ಜನಸಂಖ್ಯೆಯದೂ ಇದೇ ಕ್ರಮ. 2020ರ ಗಣತಿಯಲ್ಲಿ ಚೀನಾ ತನ್ನ ಮುಖ್ಯಭೂಮಿಯಲ್ಲಿ ಸುಮಾರು 141 ಕೋಟಿ 18 ಲಕ್ಷ ಜನರನ್ನು ಎಣಿಸಿತು. ಅದೇ ಪ್ರಕಟಣೆಯಲ್ಲಿ ಹಾಂಗ್‌ಕಾಂಗ್‌ನ 74 ಲಕ್ಷ 74 ಸಾವಿರ ಮತ್ತು ಮಕಾವ್‌ನ 6 ಲಕ್ಷ 83 ಸಾವಿರ ಎಂಬ ಅಂಕಿಗಳು ಬೇರೆ ಸಾಲುಗಳಲ್ಲಿ ಬಂದವು, ಏಕೆಂದರೆ ಅವು ಆಯಾ ಪ್ರದೇಶದ ಸರ್ಕಾರಗಳು ಕೊಟ್ಟ ಸಂಖ್ಯೆಗಳು. ಬೀಜಿಂಗ್‌ನ ಗಣತಿದಾರರು ಅಲ್ಲಿ ಮನೆಮನೆ ತಿರುಗಿರಲಿಲ್ಲ.

ಜನಸಂಖ್ಯೆಯಲ್ಲಿ ಹಾಂಗ್‌ಕಾಂಗ್ ಎಂದರೆ ಮುಖ್ಯಭೂಮಿಯ ಶೇಕಡಾ ಅರ್ಧ. ಸೇರಿಸಿದರೂ ಬಿಟ್ಟರೂ ದೊಡ್ಡ ವ್ಯತ್ಯಾಸವಿಲ್ಲ. ವ್ಯಾಪಾರದಲ್ಲಿ ಹಾಗಲ್ಲ, ಅಲ್ಲಿ ಸೇರಿಸಿದರೆ ಲೆಕ್ಕವೇ ಕೆಡುತ್ತದೆ. ಅಂಗಡಿಯ ಡಿಸ್‌ಪ್ಲೇಯನ್ನೇ ತೆಗೆದುಕೊಂಡು, ಕೇವಲ ಉದಾಹರಣೆಗಾಗಿ ಬೆಲೆ ಇಟ್ಟು ನೋಡೋಣ. ಷೆನ್‌ಜೆನ್‌ನ ಕಾರ್ಖಾನೆ ಅದನ್ನು 100 ರೂಪಾಯಿಗೆ ಹಾಂಗ್‌ಕಾಂಗ್‌ನ ವ್ಯಾಪಾರಿಗೆ ಮಾರುತ್ತದೆ. ಅಂತಿಮವಾಗಿ ಅದು ಎಲ್ಲಿಗೆ ಹೋಗುತ್ತದೆಂಬುದು ಆ ಹೊತ್ತಿಗೆ ಕಾರ್ಖಾನೆಗೆ ತಿಳಿದಿರಬೇಕೆಂದಿಲ್ಲ. ಹಾಗಾಗಿ ಚೀನಾದ ಪುಸ್ತಕದಲ್ಲಿ 'ಹಾಂಗ್‌ಕಾಂಗ್‌ಗೆ ರಫ್ತು, 100' ಎಂದಾಗುತ್ತದೆ. ವ್ಯಾಪಾರಿ ತನ್ನ ಲಾಭ, ಗೋದಾಮು ಮತ್ತು ಪ್ಯಾಕಿಂಗ್ ಖರ್ಚು ಸೇರಿಸಿ 120ಕ್ಕೆ ಭಾರತಕ್ಕೆ ಕಳಿಸುತ್ತಾನೆ. ಹಾಂಗ್‌ಕಾಂಗ್‌ನ ಪುಸ್ತಕದಲ್ಲಿ ಅದು 'ಚೀನಾದಿಂದ ಆಮದು, 100' ಮತ್ತು 'ಭಾರತಕ್ಕೆ ಮರುರಫ್ತು, 120'. ಭಾರತದ ಕಸ್ಟಮ್ಸ್ ಪತ್ರದಲ್ಲಿ ಎರಡು ಅಂಕಣಗಳಿವೆ: ಸರಕು ಹುಟ್ಟಿದ ದೇಶ ಮತ್ತು ಸರಕು ಕಳಿಸಿದ ದೇಶ. ಮೊದಲನೆಯದರಲ್ಲಿ ಚೀನಾ, ಎರಡನೆಯದರಲ್ಲಿ ಹಾಂಗ್‌ಕಾಂಗ್. ನಮ್ಮ ಯುವಕನ ಡಬ್ಬ ಮೊದಲ ಅಂಕಣವನ್ನು ಹೇಳುತ್ತಿತ್ತು, ಬಿಲ್ಲು ಎರಡನೆಯದನ್ನು.

ಈಗ ಯಾರಾದರೂ 'ಎಲ್ಲ ಒಂದೇ ದೇಶವಲ್ಲವೇ' ಎಂದು ಚೀನಾದ 100 ಮತ್ತು ಹಾಂಗ್‌ಕಾಂಗ್‌ನ 120ನ್ನು ಕೂಡಿದರೆ, ಒಂದೇ ಡಿಸ್‌ಪ್ಲೇ 220 ರೂಪಾಯಿಯ ರಫ್ತಾಗಿಬಿಡುತ್ತದೆ. ದೇಶದಿಂದ ನಿಜವಾಗಿ ಹೊರಗೆ ಹೋದದ್ದು 120 ಮಾತ್ರ. ಹಾಂಗ್‌ಕಾಂಗ್‌ನ ರಫ್ತಿನಲ್ಲಿ ತನ್ನ ನೆಲದಲ್ಲಿ ತಯಾರಾದ ವಸ್ತುಗಳ ಪಾಲು ತೀರಾ ಸಣ್ಣದು, ಉಳಿದದ್ದೆಲ್ಲ ಹೀಗೆ ಬಂದು ಹೋಗುವ ಸರಕು. ಆದ್ದರಿಂದ ತಪ್ಪು ಸಣ್ಣದಾಗಿ ಉಳಿಯುವುದಿಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ ಕೋಷ್ಟಕಗಳು ಹಾಂಗ್‌ಕಾಂಗ್‌ನ ಸ್ವಂತ ರಫ್ತನ್ನೂ ಮರುರಫ್ತನ್ನೂ ಬೇರೆ ಮಾಡಿ ತೋರಿಸುವುದು ಇದಕ್ಕಾಗಿಯೇ. ಕಂಪ್ಯೂಟರಿನಲ್ಲಿ ದತ್ತಾಂಶ ಕೂಡುವವರು ಇನ್ನೊಂದು ಬಲೆಯಲ್ಲೂ ಬೀಳುತ್ತಾರೆ: ಅಂತರರಾಷ್ಟ್ರೀಯ ಸಂಕೇತಗಳ ಪಟ್ಟಿಯಲ್ಲಿ ಹಾಂಗ್‌ಕಾಂಗ್‌ಗೆ ದೇಶಗಳ ಸಾಲಿನಲ್ಲಿ `HK` ಎಂದೂ, ಚೀನಾದ ಉಪವಿಭಾಗಗಳ ಸಾಲಿನಲ್ಲಿ `CN-HK` ಎಂದೂ ಎರಡು ಗುರುತುಗಳಿವೆ. ಎರಡೂ ಪಟ್ಟಿಗಳನ್ನು ಯೋಚಿಸದೆ ಒಂದುಗೂಡಿಸಿದರೆ ಅದೇ ನಗರ ಎರಡು ಸಲ ಕುಳಿತುಕೊಳ್ಳುತ್ತದೆ.

ಎರಡು ಪುಸ್ತಕಗಳಿರುವುದು ತೊಂದರೆಯೆಂದು ಇಷ್ಟರಿಂದ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ, 2013ರಲ್ಲಿ ನಡೆದದ್ದೇ ಅದಕ್ಕೆ ಕಾರಣ. ಆ ವರ್ಷದ ಮಾರ್ಚ್‌ನಲ್ಲಿ ಹಾಂಗ್‌ಕಾಂಗ್‌ಗೆ ತನ್ನ ರಫ್ತು ಹಿಂದಿನ ವರ್ಷದ ಮಾರ್ಚ್‌ಗಿಂತ ಸುಮಾರು ಶೇ. 93ರಷ್ಟು ಏರಿದೆಯೆಂದು ಚೀನಾದ ಕಸ್ಟಮ್ಸ್ ಪ್ರಕಟಿಸಿತು. ಅಷ್ಟು ಸರಕು ನದಿ ದಾಟಿದ್ದರೆ ಆಚೆ ದಡದಲ್ಲಿ ಅಷ್ಟೇ ಆಮದು ದಾಖಲಾಗಬೇಕಿತ್ತು. ಹಾಂಗ್‌ಕಾಂಗ್‌ನ ಪುಸ್ತಕದಲ್ಲಿ ಆ ಏರಿಕೆ ಇರಲಿಲ್ಲ. ನಮ್ಮ ಮಂಡಿಯ ಲೆಕ್ಕದಲ್ಲಿ ಹೇಳುವುದಾದರೆ, ಇಲ್ಲಿ ಲಾರಿಗೆ ಸಾವಿರ ಕ್ರೇಟ್ ಏರಿಸಿದ ಚೀಟಿ ಇದೆ, ಅಲ್ಲಿ ಇಳಿಸಿದ ಚೀಟಿಯಲ್ಲಿ ಆರುನೂರೇ ಇದೆ. ದಾರಿಯಲ್ಲಿ ಸೋರಿಹೋಗಿದೆಯೋ, ಏರಿಸಿಯೇ ಇರಲಿಲ್ಲವೋ ಎಂದು ಕೇಳಲೇಬೇಕಾಗುತ್ತದೆ.

ಏರಿಸಿಯೇ ಇರಲಿಲ್ಲ, ಅಥವಾ ಏರಿಸಿದ್ದನ್ನೇ ಮತ್ತೆಮತ್ತೆ ಏರಿಸಿದ್ದರು. ಚೀನಾದೊಳಗೆ ಹೊರಗಿನ ಹಣ ತರಲು ಕಟ್ಟುನಿಟ್ಟಿನ ನಿರ್ಬಂಧವಿದೆ. ಆದರೆ ರಫ್ತು ಮಾಡಿ ಗಳಿಸಿದ ಹಣ ಒಳಗೆ ಬರಬಹುದು. ಆಗ ಯುವಾನ್ ಬೆಲೆ ಏರುತ್ತಿತ್ತು, ಒಳಗಿನ ಬಡ್ಡಿಯೂ ಹೊರಗಿಗಿಂತ ಹೆಚ್ಚಿತ್ತು. ಹಾಗಾಗಿ ಕೆಲವರು ತೂಕ ಕಡಿಮೆ, ಬೆಲೆ ಹೆಚ್ಚು ಇರುವ ಚಿಪ್‌ನಂಥ ವಸ್ತುಗಳಿಗೆ ಉಬ್ಬಿಸಿದ ಬಿಲ್ಲು ಬರೆದು ಹಾಂಗ್‌ಕಾಂಗ್‌ಗೆ ಕಳಿಸಿದಂತೆ ತೋರಿಸಿದರು. ಕೆಲವು ಸರಕು ಹೋಗಿ ಮರಳಿ ಬಂದು ಮತ್ತೆ ಹೋಯಿತು. ಸರಕಿನ ಹೆಸರಿನಲ್ಲಿ ಚಲಿಸಿದ್ದು ಹಣ. ಮೇ ತಿಂಗಳ ಆರಂಭದಲ್ಲಿ ಚೀನಾದ ವಿದೇಶಿ ವಿನಿಮಯ ಆಡಳಿತವು ಸರಕಿನ ಹರಿವಿಗೂ ಹಣದ ಹರಿವಿಗೂ ತಾಳೆ ನೋಡಬೇಕೆಂದು ನಿಯಮ ಬಿಗಿ ಮಾಡಿದ ಕೂಡಲೇ, ಆ ತಿಂಗಳ ಏರಿಕೆ ಶೇ. 8ರ ಆಸುಪಾಸಿಗೆ ಕುಸಿಯಿತು. ಕಾರ್ಖಾನೆಗಳೇನೂ ಒಂದೇ ತಿಂಗಳಲ್ಲಿ ಮುಚ್ಚಿರಲಿಲ್ಲ. ಎರಡು ಕಾನೂನುಗಳಡಿ, ಒಬ್ಬರಿಗೊಬ್ಬರು ಅಧೀನರಲ್ಲದ ಇಬ್ಬರು ಬರೆದ ಪುಸ್ತಕಗಳು ಇರದಿದ್ದರೆ ಈ ತಾಳೆ ನೋಡುವ ಅವಕಾಶವೇ ಇರುತ್ತಿರಲಿಲ್ಲ.

ಎಲ್ಲ ಸಂಸ್ಥೆಗಳೂ ಒಂದೇ ರೀತಿ ಬೇರ್ಪಡಿಸುವುದಿಲ್ಲ ಎಂಬುದನ್ನೂ ಹೇಳಬೇಕು. ಕೋವಿಡ್ ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾಂಗ್‌ಕಾಂಗ್‌ನ ಪ್ರಕರಣಗಳನ್ನು ಚೀನಾದ ಮೊತ್ತದೊಳಗೇ ಸೇರಿಸಿತ್ತು. ಚೀನಾದ ಆರೋಗ್ಯ ಆಯೋಗದ ರಾಷ್ಟ್ರೀಯ ಮೊತ್ತ ಮುಖ್ಯಭೂಮಿಯದು. ಒಂದೇ ದಿನದ ಎರಡು 'ಚೀನಾ' ಸಂಖ್ಯೆಗಳು ಹೊಂದದಿದ್ದಾಗ ಯಾರೋ ಮುಚ್ಚಿಡುತ್ತಿದ್ದಾರೆಂದು ಅನುಮಾನಿಸುವ ಮೊದಲು ಕೋಷ್ಟಕದ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿರುವ ಟಿಪ್ಪಣಿಯನ್ನು ಓದುವುದು ಒಳ್ಳೆಯದು.

ಕಾನೂನಿನ ಪ್ರತ್ಯೇಕತೆಯೂ ಮೊದಲಿದ್ದಂತೆಯೇ ಉಳಿದಿಲ್ಲ. 2020ರ ಜೂನ್ 30ರಂದು ರಾಷ್ಟ್ರೀಯ ಭದ್ರತಾ ಕಾನೂನನ್ನು 18ನೇ ವಿಧಿಯ ಅನುಬಂಧಕ್ಕೆ ಸೇರಿಸಿ ಹಾಂಗ್‌ಕಾಂಗ್‌ನಲ್ಲಿ ಜಾರಿ ಮಾಡಲಾಯಿತು. ಸ್ವಾಯತ್ತತೆ ಉಳಿದಿಲ್ಲವೆಂದ ಅಮೆರಿಕ, ಅಲ್ಲಿ ತಯಾರಾದ ವಸ್ತುಗಳ ಮೇಲೆ ಇನ್ನು ಮುಂದೆ ಚೀನಾದಲ್ಲಿ ತಯಾರಾದದ್ದೆಂದೇ ಬರೆಯಬೇಕೆಂದು ಆದೇಶಿಸಿತು. ಹಾಂಗ್‌ಕಾಂಗ್ ದೂರು ನೀಡಿತು. 2022ರ ಡಿಸೆಂಬರ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸಮಿತಿ ಆ ಆದೇಶ ನಿಯಮಕ್ಕೆ ವಿರುದ್ಧವೆಂದು ತೀರ್ಪಿತ್ತಿತು, ಅಮೆರಿಕ ಅದನ್ನು ಒಪ್ಪಲಿಲ್ಲ. ಆದರೆ ಸುಂಕ, ನಾಣ್ಯ, ತೆರಿಗೆ ಈ ಮೂರೂ ಇನ್ನೂ ಬೇರೆಯೇ. ಡಬ್ಬದ ಮೇಲಿನ ಚೀಟಿಯ ಬಗ್ಗೆ ಇಷ್ಟು ಹಟ ಹಿಡಿದ ಅಮೆರಿಕದ ವ್ಯಾಪಾರ ಅಂಕಿಗಳ ಕೋಷ್ಟಕದಲ್ಲೂ ಹಾಂಗ್‌ಕಾಂಗ್‌ಗೆ ಇರುವ ಪ್ರತ್ಯೇಕ ಸಾಲು ಆದೇಶದ ನಂತರ ಅಳಿದುಹೋಗಲಿಲ್ಲ.